ನಾಲ್ಕನೇ ಮಹಡಿಯವರಿಗೆ ಒಂದು ಕಾಗದ

ನಮ್ಮ ಅಪಾರ್ಟ್‌ಮೆಂಟಿನ ಒಬ್ಬ ಹೆಂಗಸಿಗೆ ‘ನಿಮ್ಮನ್ನು ಕಂಡರೆ ಇಷ್ಟ’ ಅಂತ ಕಾಗದ ಬರೆದು ಕೊಟ್ಟ ಕಥೆ ಇದು. ಇದನ್ನು ಬರೆಯುವ ಮೊದಲು ಅವರನ್ನೇ ಕೇಳಿದೆ. ಹೆಸರು, ಏರಿಯಾ, ಮನೆ ನಂಬರು ಯಾವುದೂ ಬರಬಾರದು, ಉಳಿದಿದ್ದು ನಿಮ್ಮಿಷ್ಟ ಅಂದರು. ಹಾಗಾಗಿ ಬೆಂಗಳೂರಿನ ದಕ್ಷಿಣದ ಕಡೆ ಒಂದು ಹಳೇ ಅಪಾರ್ಟ್‌ಮೆಂಟು ಅಂತ ಇಟ್ಟುಕೊಳ್ಳಿ. ನಾನು ಆರನೇ ಮಹಡಿ, ಅವರು ನಾಲ್ಕನೇ ಮಹಡಿ. ನನಗೆ 41 ವರ್ಷ, ಮದುವೆಯಾಗಿಲ್ಲ, ಒಂದು ಕಡೆ ಲೆಕ್ಕ ಬರೆಯುವ ಕೆಲಸ. ಅವರು ತಾಯಿಯ ಜೊತೆ ಇದ್ದಾರೆ. ನಮ್ಮ ಪರಿಚಯ ಅಂದರೆ ತಿಂಗಳುಗಟ್ಟಲೆ ಲಿಫ್ಟಿನಲ್ಲಿ ಒಂದು ನಮಸ್ಕಾರ, ಅದರ ಹಿಂದೆ ‘ತಿಂಡಿ ಆಯ್ತಾ’, ಅದಕ್ಕೆ ‘ಆಯ್ತು, ನಿಮ್ಮದು?’, ಅಷ್ಟರಲ್ಲಿ ಗ್ರೌಂಡ್ ಫ್ಲೋರ್ ಬಂದುಬಿಡುತ್ತದೆ.

ಬಾಯಲ್ಲೇ ಹೇಳಬಹುದಿತ್ತಲ್ಲ ಅಂತ ಕೇಳುವವರಿಗೆ ಒಂದು ಮಾತು. ನಾಚಿಕೆ ಸ್ವಭಾವದವರಿಗೆ ಮಾತು ಗೊತ್ತಿರಲ್ಲ ಅಂತಲ್ಲ, ಎಲ್ಲಾ ವಾಕ್ಯ ತಲೆಯಲ್ಲಿ ರೆಡಿ ಇರುತ್ತದೆ, ಆದರೆ ಶುರು ಮಾಡೋಕೆ ಒಂದು ಜಾಗ ಬೇಕು, ಆ ಜಾಗ ಸಿಗುವುದೇ ಇಲ್ಲ. ನಮ್ಮದು ಗ್ರಿಲ್ ಬಾಗಿಲಿನ ಲಿಫ್ಟು. ಅದನ್ನು ಕೈಯಲ್ಲೇ ಎಳೆದು ಹಾಕಬೇಕು, ಒಂಚೂರು ಸಂದು ಉಳಿದರೂ ಹೊರಡಲ್ಲ, ಒಬ್ಬಳು ಹೆಂಗಸಿನ ದನಿ ‘ಪ್ಲೀಸ್ ಕ್ಲೋಸ್ ದ ಡೋರ್’ ಅಂತ ಬಡಿದುಕೊಳ್ಳುತ್ತದೆ. ನಾಲ್ಕರಿಂದ ಕೆಳಕ್ಕೆ ಬರೋಕೆ ಹೆಚ್ಚೂಕಡಿಮೆ ಅರ್ಧ ನಿಮಿಷ. ಮೂರನೇ ಮಹಡಿಯಲ್ಲಿ ನಾನು ಉಸಿರೆಳೆದುಕೊಂಡರೆ ಎರಡರಲ್ಲಿ ಒಂದು ಮಗು, ಅದರ ಸ್ಕೂಲ್ ಬ್ಯಾಗು, ಬ್ಯಾಗಿನ ಹಿಂದೆ ಅಜ್ಜಿ ಹತ್ತುತ್ತಾರೆ.

ಅದಕ್ಕಿಂತ ದೊಡ್ಡ ಕಾರಣ ಆಮೇಲೆ ಹೊಳೆಯಿತು. ಮುಚ್ಚಿದ ಲಿಫ್ಟಿನಲ್ಲಿ ಒಬ್ಬ ಗಂಡಸು ‘ನೀವಂದ್ರೆ ಇಷ್ಟ’ ಅಂದರೆ ಆ ಹೆಂಗಸು ಎಲ್ಲಿಗೆ ಹೋಗಬೇಕು? ಮುಂದಿನ ಮಹಡಿ ಬರುವವರೆಗೆ ಅವನ ಮುಖ ನೋಡಿಕೊಂಡು ನಿಲ್ಲಬೇಕು. ಮರುದಿನ ಮತ್ತೆ ಅದೇ ಲಿಫ್ಟು. ಬಸ್ಸಿನಲ್ಲೋ ಆಫೀಸಿನಲ್ಲೋ ಆಗಿದ್ದರೆ ಬೇರೆ ಬಸ್ಸು, ಬೇರೆ ಕುರ್ಚಿ ಅಂತ ಇರುತ್ತೆ. ಮನೆ ಬದಲಾಯಿಸೋಕೆ ಆಗುತ್ತಾ? ಹೇಳುವುದು ಕಷ್ಟ ಅಂತ ನಾನು ಅಂದುಕೊಂಡಿದ್ದೆ. ಹೇಳಿದ ಮೇಲೆಯೂ ಅವರು ನಾಳೆ ಬೆಳಿಗ್ಗೆ ನಿರಾಳವಾಗಿ ಅದೇ ಲಿಫ್ಟ್ ಹತ್ತುವ ಹಾಗೆ ಹೇಳಬೇಕಲ್ಲ, ನಿಜವಾದ ಕಷ್ಟ ಅದು.

ವಾಟ್ಸ್ಯಾಪ್ ಬೇಡ ಅಂತ ಮೊದಲೇ ನಿರ್ಧಾರ ಮಾಡಿದ್ದೆ. ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಅವರ ನಂಬರಿದೆ, ನಿಜ. ಅದನ್ನು ಅವರು ಕೊಟ್ಟಿರುವುದು ಟ್ಯಾಂಕರ್ ಬಂತಾ, ಮೋಟರ್ ಕೆಟ್ಟಿದೆಯಾ ಅಂತ ತಿಳಿಯೋಕೆ. ಅಲ್ಲಿಂದ ನಂಬರ್ ಎತ್ತಿಕೊಂಡು ರಾತ್ರಿ ಹತ್ತಕ್ಕೆ ‘ಹಾಯ್’ ಅಂತ ಕಳಿಸಿದರೆ ಅದು ಬಾಗಿಲು ಬಡಿದ ಹಾಗೇ. ಜೊತೆಗೆ ಎರಡು ನೀಲಿ ಗೆರೆ. ಓದಿದ್ದು ನನಗೆ ಗೊತ್ತಾಗುತ್ತೆ, ಗೊತ್ತಾಗಿದೆ ಅಂತ ಅವರಿಗೂ ಗೊತ್ತಿರುತ್ತೆ, ಆಮೇಲೆ ಉತ್ತರ ಕೊಡದೆ ಇರುವುದೂ ಒಂದು ಉತ್ತರ ಆಗಿಬಿಡುತ್ತೆ. ಕಾಗದಕ್ಕೆ ಆ ಕಾಟ ಇಲ್ಲ. ಓದಿದರೋ, ಬ್ಯಾಗಿನಲ್ಲೇ ಇಟ್ಟುಕೊಂಡರೋ, ಹರಿದು ಹಾಕಿದರೋ, ಅವರಿಗಷ್ಟೇ ಗೊತ್ತು.

ಮೊದಲು ಬರೆದಿದ್ದು ನಾಲ್ಕು ಪುಟ. ತಿಪಟೂರಿನಲ್ಲಿರುವ ನನ್ನ ಅಕ್ಕನಿಗೆ ಫೋನಿನಲ್ಲಿ ಓದಿ ಹೇಳಿದೆ. ಅವಳಿಗಿಂತ ಹತ್ತಿರದವರು ನನಗೆ ಯಾರೂ ಇಲ್ಲ, ಬಾಯಿಯೂ ಜೋರು. ಎರಡನೇ ಪುಟಕ್ಕೇ ನಿಲ್ಲಿಸು ಅಂದಳು.

“ಇದೇನೋ, ಪೊಲೀಸ್ ರಿಪೋರ್ಟ್ ಥರ ಇದೆ? ಎಷ್ಟೊತ್ತಿಗೆ ಹೋಗ್ತಾಳೆ, ಯಾವ ಬಣ್ಣದ ಹೆಲ್ಮೆಟ್ಟು, ಗಾಡಿ ಯಾವ ಕಂಬದ ಹತ್ರ ನಿಲ್ಲಿಸ್ತಾಳೆ. ನನಗೆ ಯಾರಾದ್ರೂ ಹೀಗೆ ಬರೆದು ಕೊಟ್ಟಿದ್ರೆ ನಿಮ್ಮ ಭಾವನ್ನ ಕರ್ಕೊಂಡು ಬರ್ತಿದ್ದೆ.”

“ಗಮನ ಇಟ್ಟು ನೋಡಿದೀನಿ ಅಂತ ತೋರ್ಸೋಕೆ ಬರೆದೆ ಅಕ್ಕ.”

“ನೋಡಿದೀಯ, ಸರಿ. ನೀನು ನೋಡ್ತಿದೀಯ ಅಂತ ಅವಳಿಗೆ ಗೊತ್ತಿತ್ತಾ?”

ಆ ಒಂದು ಪ್ರಶ್ನೆ ಇಟ್ಟುಕೊಂಡು ನಾಲ್ಕೂ ಪುಟ ಮತ್ತೆ ಓದಿದೆ. ಒಂದೊಂದು ಸಾಲಿಗೂ ಕೇಳಿಕೊಂಡೆ, ಇದು ನಡೆದಾಗ ಇಬ್ಬರೂ ಎದುರುಬದುರು ಇದ್ದೆವಾ, ಇದು ನನಗೆ ಗೊತ್ತು ಅಂತ ಅವರಿಗೂ ಗೊತ್ತಾ? ಬಾಲ್ಕನಿಯಿಂದ ಕಂಡಿದ್ದು ಹೋಯಿತು. ಸೆಕ್ಯೂರಿಟಿಯವನು ತಾನಾಗಿ ಹೇಳಿದ್ದು ಹೋಯಿತು. ನೇಮ್ ಬೋರ್ಡಿನಲ್ಲಿ ನೋಡಿಕೊಂಡ ಹೆಸರೂ ಹೋಯಿತು, ಯಾಕೆಂದರೆ ಅವರು ಯಾವತ್ತೂ ನನಗೆ ಹೆಸರು ಹೇಳಿರಲಿಲ್ಲ. ಕೊನೆಗೆ ಉಳಿದಿದ್ದು ಎರಡೇ ಸಂಗತಿ, ಎರಡೂ ಲಿಫ್ಟಿನೊಳಗೆ ನಡೆದಿದ್ದು.

ಒಂದು, ಕರೆಂಟು ಹೋದ ಸಂಜೆ. ಮೂರಕ್ಕೂ ಎರಡಕ್ಕೂ ಮಧ್ಯೆ ಲಿಫ್ಟು ನಿಂತಿತು. ನಮ್ಮಲ್ಲಿ ಜನರೇಟರ್ ತಾನಾಗಿ ಶುರುವಾಗಲ್ಲ, ಸೆಕ್ಯೂರಿಟಿಯವನು ಹಿಂದಿನ ಶೆಡ್ಡಿಗೆ ಹೋಗಿ ಹಾಕಬೇಕು, ಅವನು ಎಲ್ಲಿದ್ದಾನೋ. ಗ್ರಿಲ್ಲಿನ ಆಚೆ ಬರೀ ಗೋಡೆ, ಮೇಲೆ ಒಂದು ಗೇಣಿನಷ್ಟು ಮೂರನೇ ಮಹಡಿಯ ನೆಲ. ಆಮೇಲೆ ಅದೂ ಕಾಣಲಿಲ್ಲ.

“ಸಾರ್, ಏನಾದ್ರೂ ಮಾತಾಡ್ತಾ ಇರಿ. ನನಗೆ ಕತ್ತಲೆ ಅಂದ್ರೆ ಆಗಲ್ಲ.”

ಇಡೀ ಜಗತ್ತಿನಲ್ಲಿ ಆ ಹೊತ್ತಿಗೆ ಮಾತಾಡು ಅಂತ ಕೇಳಬಾರದ ಮನುಷ್ಯ ಅಂದರೆ ನಾನೇ. ಮೊಬೈಲ್ ಟಾರ್ಚ್ ಹಾಕಿದೆ. ಎದುರಿಗೆ ಲಿಫ್ಟಿನ ತಗಡು ಕಂಡಿತು, ‘6 ಜನ, 408 ಕೆಜಿ’. ಅದನ್ನೇ ಓದಿದೆ. ಓದಿ, ಒಬ್ಬರಿಗೆ 68 ಕೆಜಿ ಅಂತ ಲೆಕ್ಕ ಹಿಡೀತಾರೆ ಮೇಡಂ, ಎಂಟು ಜನದ ಲಿಫ್ಟಾದ್ರೆ 544 ಅಂತ ಬರೆದಿರುತ್ತೆ ಅಂದೆ. ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ, “ಹಾಗಾದ್ರೆ ನಾನು ಒಬ್ಬಳಿಗಿಂತ ಸ್ವಲ್ಪ ಜಾಸ್ತಿನೇ ಇದೀನಿ” ಅಂದರು. “ನಾನು ಕಮ್ಮಿ ಇದೀನಿ, ಸರಿಹೋಗುತ್ತೆ” ಅಂದೆ. ಅವರು ನಕ್ಕರು, ಕತ್ತಲಲ್ಲೇ. ನಾನು ಹಾಗೆ ತಟ್ಟಂತ ಉತ್ತರ ಕೊಟ್ಟಿದ್ದು ಅದೇ ಮೊದಲು ಅನ್ನಿಸುತ್ತೆ.

ಇನ್ನೊಂದು, ಕಡಲೆಕಾಯಿ ಪರಿಷೆಯ ರಾತ್ರಿ. ಕಾರ್ತಿಕ ಮಾಸದ ಕಡೇ ಸೋಮವಾರ ಬಸವನಗುಡಿ ಕಡೆಯಿಂದ ಬರುವವರ ಕೈಯಲ್ಲೆಲ್ಲ ಒಂದೊಂದು ಚೀಲ ಇರುತ್ತಲ್ಲ, ಇವರ ಕೈಯಲ್ಲೂ ಇತ್ತು. ಬೊಗಸೆ ತುಂಬ ತೆಗೆದು ನನ್ನ ಕೈಗೆ ಸುರಿದರು. ಇನ್ನೊಂದು ಕೈಯಲ್ಲಿ ಹೆಲ್ಮೆಟ್ ಇತ್ತು, ಜೇಬಿಗೆ ಹಾಕಿಕೊಳ್ಳೋಕೂ ಆಗದೆ ಆರನೇ ಮಹಡಿವರೆಗೆ ಕೈ ಚಾಚಿಕೊಂಡೇ ನಿಂತಿದ್ದೆ. ನಾಲ್ಕರಲ್ಲಿ ಇಳಿಯುವಾಗ ಅದನ್ನು ನೋಡಿ ಹಿಂದೆ ಬಂದು, ಕೆಳಗೆ ಬಿದ್ದಿದ್ದ ಎರಡು ಕಾಯಿ ಎತ್ತಿ ಮತ್ತೆ ಕೈ ಮೇಲಿಟ್ಟು ಹೋದರು. ಹುರಿದ ಕಾಯಿ. ಇನ್ನೂ ಬೆಚ್ಚಗಿತ್ತು.

ಇವೆರಡೂ ಅವರಿಗೂ ನೆನಪಿರಬಹುದು, ಇಲ್ಲದಿದ್ದರೂ ಓದಿದಾಗ ಹೌದಲ್ಲ ಅನ್ನಿಸುತ್ತೆ, ಹೆದರಿಕೆ ಆಗಲ್ಲ. ಇಷ್ಟು ಸಾಕು ಅಂದಳು ಅಕ್ಕ.

ಆಮೇಲೆ ಅವಳೇ ಕೇಳಿದಳು, “ಮದುವೆ ಆಗಿದೆಯೋ ಏನೋ, ಕತ್ತು ನೋಡ್ಲಿಲ್ವಾ? ಕಾಲುಂಗುರ ನೋಡ್ಲಿಲ್ವಾ?”

“ಸ್ಕಾರ್ಫ್ ಇರುತ್ತೆ. ಕಾಲಲ್ಲಿ ಶೂ ಇರುತ್ತೆ ಅಕ್ಕ.”

ಸೆಕ್ಯೂರಿಟಿಯವನನ್ನೋ ಕಮಿಟಿಯವರನ್ನೋ ಕೇಳಿದ್ದರೆ ಎರಡು ನಿಮಿಷದ ಕೆಲಸ. ಆದರೆ ಕೇಳಿದ ಸಂಜೆಗೇ ಸುದ್ದಿ ಅವರ ತಾಯಿಯ ತನಕ ಹೋಗುತ್ತಿತ್ತು, ನನ್ನ ಕಾಗದಕ್ಕಿಂತ ಮುಂಚೆ. ಗೊತ್ತಿಲ್ಲ ಅನ್ನುವುದನ್ನೇ ಕಾಗದದಲ್ಲಿ ಬರೆಯುವುದು ಅಂತಾಯಿತು.

ಕೊನೆಯಲ್ಲಿ ಏನು ಕೇಳಬೇಕು ಅನ್ನುವುದಕ್ಕೂ ಬಹಳ ತಲೆ ಕೆಡಿಸಿಕೊಂಡೆ. ಏನೂ ಕೇಳದೆ ಬರೀ ‘ಇಷ್ಟ’ ಅಂತ ಬರೆದು ಬಿಟ್ಟರೆ, ಓದಿದವರು ಈಗ ಏನು ಮಾಡಬೇಕು ಅಂತ ಒದ್ದಾಡಬೇಕಾಗುತ್ತದೆ. ಮದುವೆ ಅಂತ ಬರೆದರೆ ನಮಸ್ಕಾರದಿಂದ ಒಂದೇ ಸಲ ಛತ್ರಕ್ಕೆ ಹಾರಿದ ಹಾಗಾಗುತ್ತೆ. ಹಾಗಾಗಿ ದರ್ಶಿನಿಯಲ್ಲಿ ಬೈ ಟು ಕಾಫಿ. ಅಲ್ಲಿ ಕುರ್ಚಿ ಇಲ್ಲ, ನಿಂತೇ ಕುಡಿಯಬೇಕು, ಸುತ್ತ ಜನ ಇರುತ್ತಾರೆ. ಬೈ ಟು ಅಂದರೆ ಇರುವುದೇ ನಾಲ್ಕು ಗುಟುಕು, ಬೇಸರ ಬಂದರೆ ಲೋಟ ಇಟ್ಟು ಹೊರಟುಬಿಡಬಹುದು, ಬಿಲ್ಲಿಗೆ ಕಾಯಬೇಕು ಅಂತಲೂ ಇಲ್ಲ.

ಕಡೆಗೆ ಕೊಟ್ಟ ಕಾಗದ ಇದು. ಅವರ ಹತ್ತಿರ ಇರುವುದನ್ನು ನೋಡಿಕೊಂಡೇ ಇಲ್ಲಿ ಹಾಕುತ್ತಿದ್ದೇನೆ, ಹೆಸರು, ನಂಬರ್ ಬಿಟ್ಟು.

ನಮಸ್ಕಾರ.

ನಾನು ಆರನೇ ಮಹಡಿಯವನು, ದಿನಾ ಲಿಫ್ಟಿನಲ್ಲಿ ಸಿಗುವವನು. ಈ ವಿಷಯ ಎದುರಿಗೆ ಹೇಳೋಕೆ ನನಗೆ ಬಾಯಿ ಬರುವುದಿಲ್ಲ. ಬಂದರೂ ಲಿಫ್ಟಿನೊಳಗೆ ಹೇಳುವುದು ಸರಿಯಲ್ಲ. ಅದಕ್ಕೆ ಕಾಗದ.

ನಿಮ್ಮನ್ನು ಕಂಡರೆ ನನಗೆ ಇಷ್ಟ. ಪಕ್ಕದ ಮನೆಯವರನ್ನು ಕಂಡರೆ ಆಗುವ ಇಷ್ಟಕ್ಕಿಂತ ಜಾಸ್ತಿ. ಕರೆಂಟು ಹೋಗಿದ್ದ ದಿನ ನೀವು ಮಾತಾಡಿ ಅಂದಿರಿ, ನಾನು ಲಿಫ್ಟಿನ ತಗಡು ಓದಿದೆ. ಬೇರೆ ಯಾರಾದರೂ ಆಗಿದ್ದರೆ ಇದೆಂಥಾ ಮನುಷ್ಯ ಅಂದುಕೊಳ್ಳುತ್ತಿದ್ದರು. ನೀವು ಆ ಲೆಕ್ಕಕ್ಕೂ ನಕ್ಕಿರಿ. ಪರಿಷೆಯ ರಾತ್ರಿ ಕೊಟ್ಟ ಕಡಲೆಕಾಯಿಗೆ ನಾನು ಥ್ಯಾಂಕ್ಸ್ ಕೂಡ ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ. ಅವತ್ತಿಂದ ಬೆಳಿಗ್ಗೆ ಲಿಫ್ಟು ನಾಲ್ಕರಲ್ಲಿ ನಿಲ್ಲಲಿ ಅಂತ ಮನಸ್ಸು ಕಾಯುತ್ತದೆ. ನಿಲ್ಲದಿದ್ದರೆ ಆ ದಿನ ಸ್ವಲ್ಪ ಸಪ್ಪೆ.

ನಿಮ್ಮ ಬಗ್ಗೆ ನನಗೆ ಬೇರೇನೂ ಗೊತ್ತಿಲ್ಲ. ಮದುವೆ ಆಗಿದೆಯೋ, ಮನಸ್ಸಿನಲ್ಲಿ ಬೇರೆ ಯಾರಾದರೂ ಇದ್ದಾರೋ, ಯಾರನ್ನೂ ಕೇಳಿಲ್ಲ, ಕೇಳುವುದೂ ಇಲ್ಲ. ಹಾಗೇನಾದರೂ ಇದ್ದರೆ ಈ ಕಾಗದ ಹರಿದು ಹಾಕಿ, ನನಗೆ ಬೇಜಾರಿಲ್ಲ ಅಂತ ಹೇಳಲ್ಲ, ಆದರೆ ನಿಮ್ಮ ಮೇಲೆ ಬೇಜಾರಿಲ್ಲ.

ನಿಮಗೆ ಸರಿ ಅನ್ನಿಸಿದರೆ ಯಾವುದಾದರೂ ಭಾನುವಾರ ಸರ್ಕಲ್ ಹತ್ತಿರದ ದರ್ಶಿನಿಯಲ್ಲಿ ಒಂದು ಬೈ ಟು ಕಾಫಿ ಕುಡಿಯೋಣ. ಅದಕ್ಕಿಂತ ಹೆಚ್ಚು ಏನೂ ಈಗ ಕೇಳುತ್ತಿಲ್ಲ. ಎದುರಿಗೆ ಹೇಳುವುದು ಮುಜುಗರ ಅನ್ನಿಸಿದರೆ ಕೆಳಗೆ ನನ್ನ ನಂಬರ್ ಇದೆ.

ಬೇಡ ಅನ್ನಿಸಿದರೆ ಏನೂ ಹೇಳಬೇಕಿಲ್ಲ. ನೀವಾಗಿ ಎತ್ತದಿದ್ದರೆ ನಾನು ಈ ಮಾತು ಎತ್ತುವುದಿಲ್ಲ, ಇನ್ನೊಂದು ಕಾಗದ ಬರೆಯುವುದಿಲ್ಲ. ನಮಸ್ಕಾರ ಎಂದಿನಂತೆ ಇರುತ್ತದೆ. ನನ್ನನ್ನು ನೋಡಿದರೆ ಮುಜುಗರ ಆಗುವುದಾದರೆ ನಾನು ಮೆಟ್ಟಿಲಲ್ಲಿ ಹೋಗಿಬರುತ್ತೇನೆ, ನೀವು ಲಿಫ್ಟ್ ಬಿಡಬೇಡಿ.

ಕಾಗದ ಅಷ್ಟೇ, ಒಂದು ಹಾಳೆ. ಕೊಡುವುದು ಹೇಗೆ ಅನ್ನುವುದೇ ಇನ್ನೊಂದು ಕಥೆ. ಬಾಗಿಲ ಸಂದಿಯಲ್ಲಿ ತೂರಿಸಿದರೆ ಮೊದಲು ಎತ್ತುವವರು ತಾಯಿ. ಸೆಕ್ಯೂರಿಟಿ ಕೈಗೆ ಕೊಡುವ ಮಾತೇ ಇಲ್ಲ. ಕೆಳಗೆ ಲೆಟರ್ ಬಾಕ್ಸ್ ಸಾಲಿದೆ, ಅದರಲ್ಲಿ ಬರುವುದು ಎಲ್‌ಐಸಿ ಕಾಗದ ಮಾತ್ರ, ಬೀಗವೂ ಕಿತ್ತುಹೋಗಿದೆ. ಕೈಗೇ ಕೊಡಬೇಕು. ಲಿಫ್ಟಿನೊಳಗಲ್ಲ, ಇಳಿದ ಮೇಲೆ, ಅವರು ಹೊರಗೆ ಹೊರಟಿರುವಾಗ. ಮನೆಗೆ ಮರಳುವಾಗ ಕೊಟ್ಟರೆ ತಾಯಿಯ ಎದುರಿಗೆ ಓದಬೇಕಾಗುತ್ತೆ. ಆಫೀಸಿಗೆ ಹೊರಟಾಗ ಕೊಟ್ಟರೆ ಇಡೀ ದಿನ ಕೆಲಸದ ಮಧ್ಯೆ ಇದೊಂದು. ರಜೆಯ ದಿನ ಹೊರಗೆ ಹೊರಟಾಗ ಸಿಕ್ಕರೆ ಒಳ್ಳೆಯದು. ಆದರೆ ಅದಕ್ಕೋಸ್ಕರ ಕಾಯುತ್ತಾ ನಿಲ್ಲುವಂತಿಲ್ಲ, ಹಾಗೆ ನಿಂತರೆ ಕಿತ್ತು ಹಾಕಿದ ಮೊದಲ ಪುಟಗಳೇ ನಿಜ ಆಗಿಬಿಡುತ್ತವೆ. ತಾನಾಗಿ ಸಿಗಬೇಕು, ಲಿಫ್ಟಿನಲ್ಲಿ ಬೇರೆ ಯಾರೂ ಇರಬಾರದು.

ಹೀಗೆ ಶರತ್ತು ಹಾಕಿಕೊಂಡ ಮೇಲೆ ಕಾಗದ ನನ್ನ ಜೇಬಿನಲ್ಲೇ ಉಳಿಯಿತು. ಜೆಲ್ ಪೆನ್ನಲ್ಲಿ ಬರೆದಿದ್ದೆ, ಅಕ್ಷರ ಚೆನ್ನಾಗಿ ಬರುತ್ತೆ ಅಂತ. ಮಳೆಗಾಲ, ಜೊತೆಗೆ ನನ್ನ ಬೆವರು, ‘ಇಷ್ಟ’ ಅನ್ನುವ ಜಾಗದಲ್ಲೇ ನೀಲಿ ಹರಡಿಕೊಂಡಿತು. ಜೆಲ್ ಪೆನ್ನಿನ ಇಂಕು ನೀರಿನದು, ತೇವ ತಾಗಿದರೆ ಮುಗಿಯಿತು. ಬಾಲ್ ಪೆನ್ನಿನದು ಎಣ್ಣೆ ಅಂಶದ ಇಂಕು, ಅಷ್ಟು ಸುಲಭಕ್ಕೆ ಹರಡಲ್ಲ. ಸಾದಾ ಬಾಲ್ ಪೆನ್ನಲ್ಲಿ ಹೊಸದಾಗಿ ಬರೆದು ಕವರಿನಲ್ಲಿ ಹಾಕಿ ಬ್ಯಾಗಿಗೆ ಸೇರಿಸಿದೆ. ಎಷ್ಟು ಸಲ ನಕಲು ಮಾಡಿದೆ ಅಂತ ಕೇಳಬೇಡಿ.

ಕೊಟ್ಟ ದಿನ ಎರಡನೇ ಶನಿವಾರ. ಅವರ ಕೈಯಲ್ಲಿ ತರಕಾರಿ ಬ್ಯಾಗಿತ್ತು. ನಮಸ್ಕಾರ ಆಯಿತು, ತಿಂಡಿ ಆಯಿತು, ಕೆಳಗೆ ಬಂದೆವು, ಗ್ರಿಲ್ ನಾನೇ ತೆಗೆದೆ, ಅವರು ನಾಲ್ಕು ಹೆಜ್ಜೆ ಹೋದ ಮೇಲೆ ಕರೆದೆ. ಅಭ್ಯಾಸ ಮಾಡಿಕೊಂಡಿದ್ದ ಮಾತು, “ಮೇಡಂ, ಇದು ನಿಮಗೇ. ಪುರುಸೊತ್ತಾದಾಗ ಓದಿ, ಅವಸರ ಇಲ್ಲ.” ಹೇಳಿದ್ದು, “ಮೇಡಂ, ಇದು. ಅವಸರ.” ಅವರು ಗಾಬರಿಯಾಗಿ ಅಲ್ಲೇ ಕವರ್ ಹರಿಯೋಕೆ ಹೋದರು. “ಅಯ್ಯೋ ಇಲ್ಲ ಇಲ್ಲ, ಅವಸರ ಇಲ್ಲ” ಅಂದೆ. ಮೆಂಟೆನೆನ್ಸ್ ವಿಷಯ ಅಂದುಕೊಂಡರಂತೆ. ಬ್ಯಾಗಿನಲ್ಲಿ ಹಾಕಿಕೊಂಡು ಹೋದರು. ನಾನು ಯಾವುದಕ್ಕೆ ಕೆಳಗೆ ಬಂದಿದ್ದೆ ಅನ್ನುವುದೇ ಮರೆತು ವಾಪಸ್ ಮೇಲೆ ಹೋದೆ.

ಆಮೇಲಿನ ದಿನಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ‘ಏನೂ ಹೇಳಬೇಕಿಲ್ಲ’ ಅಂತ ಬರೆಯುವುದು ಸುಲಭ, ಅದರ ಒಳಗೆ ಬದುಕುವುದು ಕಷ್ಟ. ಸುಮ್ಮನಿದ್ದರೆ ಅದು ಬೇಡ ಅಂತಲೋ, ಯೋಚನೆ ಮಾಡುತ್ತಿದ್ದಾರೆ ಅಂತಲೋ, ಇನ್ನೂ ಓದಿಲ್ಲ ಅಂತಲೋ ಗೊತ್ತಾಗುವ ದಾರಿಯೇ ಇಲ್ಲ. ಅವರು ನಮಸ್ಕಾರ ಅಂದರೆ ಅದರ ದನಿ ಹಿಡಿದು ಮಧ್ಯಾಹ್ನದವರೆಗೆ ತೂಗುವುದು, ‘ತಿಂಡಿ ಆಯ್ತಾ’ ಕೇಳದಿದ್ದರೆ ಸಂಜೆಯವರೆಗೆ. ನನ್ನ ಕಡೆಯಿಂದ ಮಾಡಬಹುದಾಗಿದ್ದು ಒಂದೇ. ಕಾಗದ ಕೊಡುವ ಮೊದಲು ಹೇಗೆ ನಿಲ್ಲುತ್ತಿದ್ದೆನೋ ಹಾಗೇ ಬಟನ್ ಕಡೆ ಮುಖ ಮಾಡಿಕೊಂಡು ನಿಲ್ಲುವುದು, ಅವರ ಮುಖದಲ್ಲಿ ಉತ್ತರ ಹುಡುಕದೆ ಇರುವುದು. ಒಂದು ಬೆಳಿಗ್ಗೆ ಅವರ ತಾಯಿಯೂ ಜೊತೆಗಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, “ನೀವೇ ಅಲ್ವಾ ಆರನೇ ಮಹಡಿಯವರು?” ಅಂದರು. ಹೌದಮ್ಮ ಅಂದೆ. ಆಗ ಮಾತ್ರ ಕಾಲು ನಡುಗಿದ್ದು ನಿಜ.

ಉತ್ತರ ಮೆಸೇಜಿನಲ್ಲಿ ಬಂತು. ‘ಈ ಭಾನುವಾರ ಎಂಟಕ್ಕೆ. ಅಮ್ಮನಿಗೆ ಹೇಳಿದೀನಿ.’ ಕೆಳಗೆ ಅವರ ಹೆಸರು, ಅವರೇ ಬರೆದು.

ದರ್ಶಿನಿಯಲ್ಲಿ ಕಾಗದ ತಂದಿದ್ದರು. ಮದುವೆ ಒಂದು ಸಲ ಆಗಿ ಮುರಿದುಹೋದ ವಿಷಯ ಅವರೇ ಹೇಳಿದರು, ಅದು ಅವರ ಕಥೆ, ಇಲ್ಲಿ ಬೇಡ. ಕಾಗದದಲ್ಲಿ ಅವರಿಗೆ ಹಿಡಿಸಿದ್ದು ನನ್ನ ನಂಬರ್ ಕೊಟ್ಟು ಅವರ ನಂಬರ್ ಮುಟ್ಟದೆ ಇದ್ದಿದ್ದು. ಹಿಡಿಸದೆ ಇದ್ದಿದ್ದು ಕೊನೇ ಸಾಲು.

“ಮೆಟ್ಟಿಲಲ್ಲಿ ಹೋಗ್ತೀನಿ ಅಂತ ಬರೆದಿದೀರಲ್ಲ, ನನಗೆ ಸಿಟ್ಟು ಬಂತು. ನಾನು ಬೇಡ ಅಂದ್ರೆ ನೀವು ದಿನಾ ಆರು ಮಹಡಿ ಹತ್ತೋದು, ನಾನು ಲಿಫ್ಟಲ್ಲಿ ನಿಂತ್ಕೊಂಡು ಅದನ್ನ ನೆನಪಿಸ್ಕೊಳ್ಳೋದು. ಅದು ಬಿಟ್ಟುಕೊಡೋದಲ್ಲ, ಕಟ್ಟಿ ಹಾಕೋದು. ಅದೊಂದು ಸಾಲಿಗೇ ನಾನು ಇಷ್ಟು ದಿನ ತಗೊಂಡಿದ್ದು.”

ಅಕ್ಕನಿಗೆ ಆ ಸಾಲು ಬಹಳ ಇಷ್ಟ ಆಗಿತ್ತು ಅಂತ ಹೇಳಿದೆ. “ನಿಮ್ಮಕ್ಕನಿಗೆ ಯಾರೂ ಹಾಗೆ ಬರೆದು ಕೊಟ್ಟಿಲ್ಲ ಅಲ್ವಾ” ಅಂದರು. ಅದಕ್ಕೆ ಉತ್ತರ ಇರಲಿಲ್ಲ. ಆದರೆ ಆ ಸಾಲು ಇಲ್ಲದಿದ್ದರೆ, ಇವನು ಬೇಡ ಅಂದರೂ ದಿನಾ ಎದುರಿಗೆ ನಿಂತಿರುತ್ತಾನೆ ಅನ್ನೋ ಹೆದರಿಕೆ ಉಳಿಯುತ್ತಿತ್ತಲ್ಲ ಅಂತ ನನಗೆ ಈಗಲೂ ಅನ್ನಿಸುತ್ತೆ. ಈ ಜಗಳ ಇನ್ನೂ ಮುಗಿದಿಲ್ಲ.

ಈಗ ಭಾನುವಾರ ಬೈ ಟು ನಡೆಯುತ್ತಿದೆ. ದುಡ್ಡು ಒಂದು ವಾರ ಅವರು, ಒಂದು ವಾರ ನಾನು. ಮುಂದಿನ ಮಾತು ಇಬ್ಬರೂ ಎತ್ತಿಲ್ಲ. ಅಕ್ಕ ಮಾತ್ರ ಫೋನ್ ಮಾಡಿದಾಗಲೆಲ್ಲ ಎತ್ತುತ್ತಾಳೆ, ಅವರ ತಾಯಿಗೆ ತಿಪಟೂರಿನ ಕೊಬ್ಬರಿ ಕಳಿಸಲಾ ಅಂತ ಬೇರೆ ಕೇಳುತ್ತಿದ್ದಾಳೆ. ಸ್ವಲ್ಪ ತಡಿ ಅಂದಿದ್ದೇನೆ.